ಗೆದ್ದ ಗಿರಣಿಗೆ ಬೀಗ

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹಿಟ್ಟಿನ ಗಿರಣಿಯವರೊಬ್ಬರು ಹೈಕೋರ್ಟಿನಲ್ಲಿ ಪುರಸಭೆಯನ್ನು ಸೋಲಿಸಿದ ಸುದ್ದಿ ನೀವೂ ಕೇಳಿರ್ತೀರಿ. ಬೀದಿಯವರು ಪಟಾಕಿ ಹೊಡೆದರು, ಪೇಡ ಹಂಚಿದರು. ಗಿರಣಿಗೆ ಮಾತ್ರ ಇನ್ನೂ ಬೀಗ.

ಮೊದಲು ಅಧಿಕಾರಿಗಳನ್ನು ಹೊಗಳೋಣ. ಲೈಸೆನ್ಸ್ ನಿರಾಕರಿಸಿದ ಅವರ ಆದೇಶ ಒಂದೇ ಸಾಲು: 'ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ಮಾನ್ಯ ಮಾಡಲು ಅವಕಾಶವಿರುವುದಿಲ್ಲ.' ಯಾಕಿಲ್ಲ ಅಂತ ಒಂದಕ್ಷರವೂ ಇಲ್ಲ. ಕೆಳಗೆ ಸಹಿ, ಆ ಸಹಿ ಯಾರದೆಂದು ತಿಳಿಯದ ಹಾಗೆ ಅದರ ಮೇಲೇ ಸೀಲು. ಇಷ್ಟು ಕಡಿಮೆ ಶಾಯಿಯಲ್ಲಿ ಒಂದು ಸಂಸಾರದ ಅನ್ನ ನಿಲ್ಲಿಸೋದು ಸುಮ್ನೆ ಬರುವ ಕಲೆಯಲ್ಲ.

ಅದೇ ಗಿರಣಿಯವರ ಅದೃಷ್ಟವೂ ಆಯಿತು. ಆ ಆದೇಶವನ್ನು ರದ್ದುಮಾಡಿ ಅಂತ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಹಾಕಿದರು. ಅಧಿಕಾರಿಗೆ ಆಗ ಕಾರಣಗಳು ನೆನಪಾದವು. ರಾತ್ರಿ ಸದ್ದು, ಧೂಳು, ಕಿರಿದಾದ ರಸ್ತೆ ಅಂತ ಎಲ್ಲವನ್ನೂ ಆಕ್ಷೇಪಣೆಯಲ್ಲಿ ಬರೆದರು. ಆದರೆ ಆದೇಶದಲ್ಲಿ ಇಲ್ಲದ ಕಾರಣವನ್ನು ಆಮೇಲೆ ಅಫಿಡವಿಟ್ಟಿನಲ್ಲಿ ಸೇರಿಸಿ ಅದನ್ನು ಸಮರ್ಥಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ 1977ರಷ್ಟು ಹಿಂದೆಯೇ ಹೇಳಿದೆ. ಆದೇಶ ರದ್ದಾಯಿತು. ಪೇಡ ಹಂಚಿದ್ದು ಆವತ್ತೇ.

ಪೇಡ ತಿಂದವರು ತೀರ್ಪಿನ ಕೊನೆ ಸಾಲು ಓದಿರಲಿಲ್ಲ. 'ಅರ್ಜಿದಾರರ ಅಹವಾಲು ಕೇಳಿ, ಕಾನೂನಿನ ಪ್ರಕಾರ ಎಂಟು ವಾರದಲ್ಲಿ ಹೊಸದಾಗಿ ತೀರ್ಮಾನಿಸಿ.' ಲೈಸೆನ್ಸ್ ಕೊಡಿ ಅಂತ ಎಲ್ಲೂ ಇರಲಿಲ್ಲ. ರಿಟ್‌ನಲ್ಲಿ ಕೋರ್ಟು ನೋಡೋದು ತೀರ್ಮಾನ ಮಾಡಿದ ರೀತಿಯನ್ನು. ಮಾಮೂಲಿಯಾಗಿ ಅಧಿಕಾರಿಯ ಕುರ್ಚಿಯಲ್ಲಿ ತಾನೇ ಕೂತು ಲೈಸೆನ್ಸ್ ಬರೆದುಕೊಡುವುದಿಲ್ಲ. ಅದಕ್ಕೆ ನ್ಯಾಯವಾದ ಕಾರಣವೂ ಇದೆ, ಇರಲಿ.

ಅಧಿಕಾರಿಗಳು ಈ ಸಲ ವಿಧೇಯ ವಿದ್ಯಾರ್ಥಿಗಳಾದರು. ನೋಟಿಸ್ ಕೊಟ್ಟರು, ಕುರ್ಚಿ ಹಾಕಿ ಕೂರಿಸಿದರು, ತಲೆಯಾಡಿಸುತ್ತಾ ಎಲ್ಲ ಕೇಳಿಸಿಕೊಂಡರು. ಎಂಟನೇ ವಾರದ ಕೊನೆಯಲ್ಲಿ ಏಳು ಪುಟದ ಆದೇಶ ಬಂತು. ಸದ್ದು, ಧೂಳು, ರಸ್ತೆ, ಎಲ್ಲಕ್ಕೂ ಒಂದೊಂದು ಪ್ಯಾರಾ. ಕೊನೆಗೆ: ತಿರಸ್ಕರಿಸಲಾಗಿದೆ.

ನ್ಯಾಯಾಂಗ ನಿಂದನೆ ಕೇಸು ಹಾಕೋಣ ಅಂದರೆ ವಕೀಲರು ನಕ್ಕರಂತೆ. ತೀರ್ಮಾನಿಸಿ ಅಂದಿತ್ತು ಕೋರ್ಟು, ತೀರ್ಮಾನಿಸಿದ್ದಾರಲ್ಲ! ಇನ್ನು ಹೊಸ ಆದೇಶದ ಮೇಲೆ ಹೊಸ ರಿಟ್. ಈ ಸಲ ಕಷ್ಟ ಜಾಸ್ತಿ. ಕಾರಣಗಳು ಕಾಗದದ ಮೇಲಿವೆ. ಪಕ್ಕದ ಮನೆಯವರು ಸದ್ದು ಅಂತಾರೆ, ಇವರು ಇಲ್ಲ ಅಂತಾರೆ. ಸಾಕ್ಷಿ ಕೂರಿಸಿ ಇಂಥ ಜಗಳ ಬಿಡಿಸುವುದು ರಿಟ್ ಕೋರ್ಟಿನ ವಾಡಿಕೆಯಲ್ಲ. ಮೇಲ್ಮನವಿಗೆ ಬೇರೆ ದಾರಿಯಿದ್ದರೆ ಮೊದಲು ಅಲ್ಲಿಗೆ ಹೋಗಿ ಅನ್ನಲೂಬಹುದು.

ನಗು ಸಾಕು. ಏಳು ಪುಟ ಬರೆಯಲು ಬರುವವರಿಗೆ ಮೊದಲ ದಿನವೇ ಏಳು ಸಾಲು ಬರೆಯಲು ಏನಾಗಿತ್ತು? ಬರೆದಿದ್ದರೆ ಆ ಮನುಷ್ಯ ಆಗಲೇ ಮೋಟರಿನ ಸದ್ದು ತಗ್ಗಿಸುತ್ತಿದ್ದ, ಇಲ್ಲ ಬೇರೆ ಜಾಗ ಹುಡುಕುತ್ತಿದ್ದ. ಮುಚ್ಚಿದ ಗಿರಣಿಯ ಬಾಡಿಗೆ, ಬ್ಯಾಂಕಿನ ಕಂತು, ವಕೀಲರ ಫೀಸು ಎಲ್ಲ ಅವನ ಜೇಬಿನಿಂದಲೇ ಹೋಯಿತು. ರದ್ದಾದ ಆದೇಶ ಬರೆದವರ ಸಂಬಳದಲ್ಲಿ ಒಂದು ರೂಪಾಯಿ ಕಡಿತವಾಗಲಿಲ್ಲ.

ಎರಡನೇ ರಿಟ್ ಮೊನ್ನೆ ವಿಚಾರಣೆಗೆ ಬಂತು. ಪುರಸಭೆ ವಕೀಲರು ಸಮಯ ಕೇಳಿದ್ದಾರೆ.