ಕುದಿಸಿದರೆ ಫ್ಲೋರೈಡ್ ಹೋಗಲ್ಲ

"ನೀರನ್ನು ಚೆನ್ನಾಗಿ ಕುದಿಸಿ ಕುಡಿದರೆ ಫ್ಲೋರೈಡ್ ಭಯವಿಲ್ಲ."

ಈ ಒಂದು ಸಾಲು ಎಲ್ಲಿ ಕಂಡರೂ ದಯವಿಟ್ಟು ತಿದ್ದಿ. ಕುದಿಸಿದರೆ ಸಾಯೋದು ರೋಗಾಣು. ಫ್ಲೋರೈಡ್ ಉಪ್ಪಿನ ಹಾಗೆ ನೀರಲ್ಲೇ ಉಳಿಯುತ್ತದೆ. ಲೀಟರಿಗೆ 3 ಮಿಲಿಗ್ರಾಂ ಇರುವ 4 ಲೀಟರ್ ನೀರು ಕುದ್ದು 3 ಲೀಟರ್ ಆದರೆ, ಲೀಟರಿಗೆ 4 ಮಿಲಿಗ್ರಾಂ ಆಯಿತು ಅಲ್ವಾ? ಬೇರೆ ನೀರೇ ಸಿಗದ ಕಡೆಗೂ ಮಿತಿ 1.5.

ನಮ್ಮದು ಆಂಧ್ರದ ಮಡಕಶಿರಾ ಕಡೆಯ ಹಳ್ಳಿ, ಬೋರ್‌ವೆಲ್ ನೀರೇ ಗತಿ. ಫ್ಲೋರೈಡ್ ನೀರು ಕುಡಿದು ಕುಡಿದು ನಮ್ಮಜ್ಜಿಗೆ ಕತ್ತು ತಿರುಗುತ್ತಿರಲಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ಆಮೇಲೆ ನಾವು ಅಲ್ಯೂಮಿನಾ ಹರಳಿನ ಫಿಲ್ಟರ್ ತಂದೆವು. ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಹರಳು ಹಿಡಿಯುವಷ್ಟು ಹಿಡಿದ ಮೇಲೆ ಫ್ಲೋರೈಡ್ ಸುಮ್ನೆ ದಾಟಿ ಬರುತ್ತದೆ. ರುಚಿ, ಬಣ್ಣ, ವಾಸನೆ ಯಾವುದೂ ಬದಲಾಗಲ್ಲ. ನಮಗೆ ಗೊತ್ತಾಗಿದ್ದು ಪರೀಕ್ಷೆ ಕಿಟ್‌ನಿಂದ: ಫಿಲ್ಟರ್ ನೀರಿಗೆ ದ್ರಾವಣ ಹಾಕಿದರೆ ಗುಲಾಬಿ ಬಣ್ಣ ಉಳಿಯಬೇಕಿತ್ತು, ಹಳದಿಗೆ ತಿರುಗಿತು. ಹರಳನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಆಮೇಲೆ ತೆಳು ಆಸಿಡ್ ಹಾಯಿಸಿದರೆ ಮತ್ತೆ ಬಳಸಬಹುದು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ತರಬೇತಿ ಇದ್ದವರು ಬೇಕು. ತೊಳೆದ ನೀರಲ್ಲೇ ಹಿಡಿದಿದ್ದೆಲ್ಲ ಇರುತ್ತದೆ, ಬಾವಿ ಹತ್ತಿರ ಚೆಲ್ಲಿದರೆ ಬಾವಿ ನೀರೂ ಕೆಟ್ಟ ಹಾಗೆ.

ಇನ್ನೊಂದು ಮಾತು. ಕುಡಿಯೋಕೆ ಫಿಲ್ಟರ್ ನೀರು, ಮುದ್ದೆ ಎಸರಿಗೆ ಮಾತ್ರ ಬೋರ್ ನೀರು! ನಮ್ಮ ಮನೆಯಲ್ಲೂ ಹೀಗೇ ನಡೆದಿತ್ತು, ಎಸರಿನ ಫ್ಲೋರೈಡ್ ಹೊಟ್ಟೆಗೇ ಹೋಗುತ್ತಿತ್ತು. ಈಗ ತೊಟ್ಟಿಯ ಮಳೆನೀರು ಎರಡು ಕೊಡಕ್ಕೆ ಬೋರ್ ನೀರು ಒಂದು ಕೊಡ ಬೆರೆಸುತ್ತೇವೆ. 3 ಇದ್ದದ್ದು 1ಕ್ಕೆ ಇಳಿಯುತ್ತದೆ, ಅಡುಗೆಗೂ ಅದೇ.