ಪ್ರತಿ ಕಂಟ್ರೋಲ್‌ಗೂ ಸಮಯದೊಳಗೆ ಬಂದರೂ ಬ್ರೆವೆ ಕೈತಪ್ಪಬಹುದು

ಬ್ರೆವೆ ಅಂದರೆ ಗೊತ್ತುಮಾಡಿದ ದೂರವನ್ನು ಗೊತ್ತುಮಾಡಿದ ಸಮಯದೊಳಗೆ ಸೈಕಲ್‌ನಲ್ಲಿ ಮುಗಿಸುವ ಸವಾರಿ. ದಾರಿಯಲ್ಲಿ ಕಂಟ್ರೋಲ್ ಅನ್ನುವ ತಪಾಸಣೆಯ ಜಾಗಗಳಿರುತ್ತವೆ, ಅವು ಮುಚ್ಚುವ ಮುಂಚೆ ಬಂದು ಕಾರ್ಡಿಗೆ ಸೀಲ್ ಹಾಕಿಸಿಕೊಳ್ಳಬೇಕು. 200 ಕಿ.ಮೀ. ಬ್ರೆವೆಗೆ ಹೊಸದಾಗಿ ಹೆಸರು ಕೊಟ್ಟವರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಸರಾಸರಿ 15 ಇಟ್ಟರೆ ಸಾಕಲ್ವಾ ಸರ್?" ಸಾಕಾಗಲ್ಲ. ಯಾಕೆ ಸಾಕಾಗಲ್ಲ ಅನ್ನುವುದು ಕಾರ್ಡ್ ಮೇಲಿನ ಕಂಟ್ರೋಲ್ ಸಮಯಗಳನ್ನು ಓದಿದರೆ ಗೊತ್ತಾಗುವುದಿಲ್ಲ. ಅವು ಹೇಗೆ ಬಂದವು ಅಂತ ಲೆಕ್ಕ ಹಾಕಿದರೆ ಮಾತ್ರ ಗೊತ್ತಾಗುತ್ತದೆ. ಬೆಂಗಳೂರಿನ ಸುತ್ತಮುತ್ತ ಬ್ರೆವೆ ಓಡಿಸುವ ಎಲ್ಲರೂ ಈ ಲೆಕ್ಕವನ್ನು ಒಂದು ಸಲವಾದರೂ ಕೈಯಿಂದ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆರಳ ತುದಿಯಲ್ಲಿ ಮಾಡುವಷ್ಟು ಸುಲಭ ಅದು.

ನಿಯಮ ಮಾಡಿದವರು ಫ್ರಾನ್ಸಿನ ಒಡಾಕ್ಸ್ ಕ್ಲಬ್ ಪ್ಯಾರಿಸಿಯನ್. ನಮ್ಮ ಬ್ರೆವೆಗಳೂ ಅದೇ ನಿಯಮದಲ್ಲಿ ನಡೆಯುತ್ತವೆ. 600 ಕಿ.ಮೀ. ತನಕ ಕನಿಷ್ಠ ವೇಗ ಗಂಟೆಗೆ 15 ಕಿ.ಮೀ. ಇದನ್ನು ವೇಗ ಅಂತ ನೋಡುವುದನ್ನು ಬಿಟ್ಟು ನಿಮಿಷ ಅಂತ ನೋಡಿ. ಕಿಲೋಮೀಟರಿಗೆ 4 ನಿಮಿಷ, ಅಷ್ಟೇ. ಕಂಟ್ರೋಲ್ 103ನೇ ಕಿಲೋಮೀಟರಿನಲ್ಲಿದ್ದರೆ 103 ನಾಲ್ಕಲೆ 412 ನಿಮಿಷ, ಅಂದರೆ 6 ಗಂಟೆ 52 ನಿಮಿಷ. ಬೆಳಗ್ಗೆ 6ಕ್ಕೆ ಹೊರಟಿದ್ದರೆ ಮಧ್ಯಾಹ್ನ 12:52ಕ್ಕೆ ಆ ಕಂಟ್ರೋಲ್ ಮುಚ್ಚುತ್ತದೆ.

ಈ ಗಡಿಯಾರ ಯಾವುದಕ್ಕೂ ನಿಲ್ಲುವುದಿಲ್ಲ. ಪಂಕ್ಚರ್, ಇಡ್ಲಿ, ನಿದ್ದೆ, ಮಳೆಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದು, ಎಲ್ಲವೂ ಆ 4 ನಿಮಿಷದೊಳಗೇ. ಏರು ಇದೆಯಾ ಇಳಿಜಾರು ಇದೆಯಾ ಅಂತಲೂ ಅದು ಕೇಳುವುದಿಲ್ಲ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವು ಹತ್ತುವಾಗಲೂ ಕಿಲೋಮೀಟರಿಗೆ 4 ನಿಮಿಷವೇ. ಸೈಕಲ್ ಕಂಪ್ಯೂಟರ್ ತೋರಿಸುವ ಸರಾಸರಿ ವೇಗವನ್ನು ನಂಬಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ಬಹಳಷ್ಟು ಯಂತ್ರಗಳು ನೀವು ನಿಂತಾಗ ತಾವೂ ನಿಂತುಬಿಡುತ್ತವೆ. ಅದರಲ್ಲಿ 19 ಅಂತ ಕಾಣುತ್ತಿದ್ದರೂ ಕಾರ್ಡಿನ ಲೆಕ್ಕದಲ್ಲಿ ನೀವು 14ರಲ್ಲಿ ಇರಬಹುದು.

ಈಗ ನಿಜವಾದ ತೊಡಕಿಗೆ ಬರೋಣ. 200ರ ಬ್ರೆವೆ ಅಂದರೆ ದಾರಿ 200ಕ್ಕಿಂತ ಕಡಿಮೆ ಇರುವಂತಿಲ್ಲ. ಹಾಗಾಗಿ ಆಯೋಜಕರು ನಾಲ್ಕಾರು ಕಿ.ಮೀ. ಜಾಸ್ತಿಯೇ ಇಡುತ್ತಾರೆ. ಆದರೆ ಕೊನೆಯ ಸಮಯ ಮಾತ್ರ ಬ್ರೆವೆಯ ಹೆಸರಿನ ದೂರಕ್ಕೆ ಕಟ್ಟಿದ್ದು: 200ಕ್ಕೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ದಾರಿ ಉದ್ದವಾಯಿತು ಅಂತ ಇದು ಉದ್ದವಾಗುವುದಿಲ್ಲ.

ಒಂದು ದಾರಿ ಇಟ್ಟುಕೊಂಡು ನೋಡೋಣ. ಒಟ್ಟು 207 ಕಿ.ಮೀ., ಬೆಳಗ್ಗೆ 6ಕ್ಕೆ ಶುರು, ಕೊನೆಯ ಕಂಟ್ರೋಲ್ 182ನೇ ಕಿಲೋಮೀಟರಿನಲ್ಲಿ. 182 ನಾಲ್ಕಲೆ 728 ನಿಮಿಷ, ಅಂದರೆ 12 ಗಂಟೆ 8 ನಿಮಿಷ. ಅದು ಮುಚ್ಚುವುದು ಸಂಜೆ 6:08ಕ್ಕೆ. ನೀವು 6:05ಕ್ಕೆ ಬಂದು ಸೀಲ್ ಹಾಕಿಸಿಕೊಂಡು "ಅಬ್ಬಾ, ಉಳಿದೆ" ಅಂದುಕೊಳ್ಳುತ್ತೀರಿ. ಮುಗಿತಾಯ ಮುಚ್ಚುವುದು 7:30ಕ್ಕೆ. 6:08ರಿಂದ ಎಣಿಸಿದರೂ ಇನ್ನು ಇರುವುದು 25 ಕಿ.ಮೀ., ಕೈಯಲ್ಲಿರುವುದು 82 ನಿಮಿಷ. ಅಂದರೆ ಗಂಟೆಗೆ 18ಕ್ಕಿಂತ ಜಾಸ್ತಿ, ಎಲ್ಲೂ ನಿಲ್ಲದೆ. ಟೀ ಕುಡಿದು ದೀಪ ಸರಿ ಮಾಡಿಕೊಳ್ಳಲು 10 ನಿಮಿಷ ಹೋಯಿತು ಅಂದರೆ 21ರ ಹತ್ತಿರ ಓಡಿಸಬೇಕು. ಇಡೀ ದಿನ 15ರಲ್ಲಿ ಬಂದ ಕಾಲಿಗೆ, ಕತ್ತಲಾಗುವ ಹೊತ್ತಿನಲ್ಲಿ, ಊರಿನ ಟ್ರಾಫಿಕ್‌ಗೆ ವಾಪಸ್ ಬರುವಾಗ ಅದು ಆಗುವ ಮಾತಲ್ಲ.

ಎಲ್ಲಿ ಹೋಯಿತು ಆ ಸಮಯ? 207 ನಾಲ್ಕಲೆ 828 ನಿಮಿಷ, ಅಂದರೆ 13 ಗಂಟೆ 48 ನಿಮಿಷ. ಸಿಗುವುದು 13:30. ಕೊರತೆ 18 ನಿಮಿಷ. ನಡುವಿನ ಕಂಟ್ರೋಲ್‌ಗಳು ಯಾವುವೂ ಈ ಕೊರತೆಯನ್ನು ಹೊರುವುದಿಲ್ಲ, ಅವು ತಮ್ಮ ಪಾಡಿಗೆ ನಾಲ್ಕರ ಲೆಕ್ಕದಲ್ಲಿ ತೆರೆದಿರುತ್ತವೆ. ಪೂರ್ತಿ 18 ನಿಮಿಷ ಕೊನೆಯ ಭಾಗದ ತಲೆಗೆ ಬೀಳುತ್ತದೆ. ಹಾಗೆ ನೋಡಿದರೆ 200ಕ್ಕೆ ನಿಯಮವೇ 10 ನಿಮಿಷ ಉದಾರವಾಗಿ ಕೊಟ್ಟಿದೆ, ಲೆಕ್ಕದ ಪ್ರಕಾರ 13:20 ಆಗಬೇಕಿತ್ತು. 400ಕ್ಕೂ 20 ನಿಮಿಷ ಸೇರಿಸಿದ್ದಾರೆ. 300 ಮತ್ತು 600ಕ್ಕೆ ಆ ಉದಾರತೆಯೂ ಇಲ್ಲ. 612 ಕಿ.ಮೀ. ದಾರಿಯ 600ರಲ್ಲಿ ಕೊರತೆ ಸರಿಯಾಗಿ 48 ನಿಮಿಷ. ಅದರ ಕೊನೆಯ ಕಂಟ್ರೋಲ್ 570ರಲ್ಲಿದ್ದರೆ ಮುಚ್ಚುವುದು 38ನೇ ಗಂಟೆಗೆ. ಅಲ್ಲಿಂದ 42 ಕಿ.ಮೀ., ಎರಡೇ ಗಂಟೆ. ಎರಡನೆಯ ದಿನದ ಕೊನೆಗೆ, ನಿದ್ದೆಗೆಟ್ಟ ಕಣ್ಣಲ್ಲಿ, ಗಂಟೆಗೆ 21.

ಒಂದು ಮುಗಿತಾಯದ ಜಾಗದಲ್ಲಿ ಹೀಗೆ ಬಂದ ಹುಡುಗನೊಬ್ಬನನ್ನು ನೋಡಿದ್ದೇನೆ. ಕಾರ್ಡನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು, ಒಂದೊಂದು ಸೀಲ್ ಮೇಲೂ ಬೆರಳಿಟ್ಟು ತೋರಿಸುತ್ತಿದ್ದ. "ಅಣ್ಣಾ, ಎಲ್ಲ ಕಂಟ್ರೋಲ್‌ಗೂ ಟೈಮ್ ಒಳಗೇ ಬಂದಿದ್ದೀನಿ, ನೋಡಿ." ಅವನು ಹೇಳಿದ್ದು ನಿಜವೇ. ಕೊನೆಯದೊಂದು ತಪ್ಪಿತ್ತು, ಹನ್ನೊಂದು ನಿಮಿಷಕ್ಕೆ. ಹೊರಡುವ ಮುಂಚೆ ಯಾರೂ ಅವನಿಗೆ ಈ ಗುಣಾಕಾರ ಹೇಳಿರಲಿಲ್ಲ. ನನಗೆ ಬೇಸರ ಆಗಿದ್ದು ಅದಕ್ಕೆ.

ಪರಿಹಾರ ಸರಳ. ಲೆಕ್ಕವನ್ನು ಮುಂದಿನಿಂದ ಹಾಕಬೇಡಿ, ಹಿಂದಿನಿಂದ ಹಾಕಿ. ದಾರಿಯ ಪೂರ್ತಿ ದೂರವನ್ನು 4ರಿಂದ ಗುಣಿಸಿ, ಸಿಗುವ ಸಮಯದಲ್ಲಿ ಎಷ್ಟು ಕೊರತೆ ಅಂತ ನೋಡಿ, ಆ ಕೊರತೆಯನ್ನು ಪ್ರತಿ ಕಂಟ್ರೋಲ್ ಸಮಯದಿಂದಲೂ ಕಳೆಯಿರಿ. ಮೇಲಿನ ದಾರಿಯಲ್ಲಿ 12:52ರ ಕಂಟ್ರೋಲ್ ನಿಮ್ಮ ಪಾಲಿಗೆ 12:34ಕ್ಕೇ ಮುಚ್ಚಿತು ಅಂದುಕೊಳ್ಳಿ. 6:08ರದ್ದು 5:50ಕ್ಕೆ. ಆಗ ಕೊನೆಯ 25 ಕಿ.ಮೀ.ಗೂ ನ್ಯಾಯವಾದ 100 ನಿಮಿಷ ಉಳಿಯುತ್ತದೆ. ನಾನು ಈ ಸಮಯಗಳನ್ನು ಪೇಪರ್ ಟೇಪ್ ಮೇಲೆ ಬರೆದು ಹ್ಯಾಂಡಲ್ ಹತ್ತಿರ ಅಂಟಿಸಿಕೊಳ್ಳುತ್ತೇನೆ. ಬಾಲ್ ಪೆನ್ ಆದರೆ ಬೆವರಿಗೂ ಅಳಿಸುವುದಿಲ್ಲ. ಕಾರ್ಡ್ ಸಮಯ ಅದರ ಮೇಲೆ ಬರೆಯುವುದೇ ಇಲ್ಲ, ನೋಡಿದರೆ ಮನಸ್ಸು ಸಡಿಲವಾಗುತ್ತದೆ.

ಶುರುವಿನಲ್ಲಿ ಮಾತ್ರ ನಿಯಮ ಸ್ವಲ್ಪ ಮೆದು. ಹೊರಡುವ ಜಾಗ ಒಂದು ಗಂಟೆ ತೆರೆದಿರುತ್ತದೆ, ಆದರೆ ತಡವಾಗಿ ಬಂದವರ ಗಡಿಯಾರವೂ 6ಕ್ಕೇ ಶುರುವಾಗಿರುತ್ತದೆ. 10ನೇ ಕಿಲೋಮೀಟರಿನಲ್ಲಿ ಕಂಟ್ರೋಲ್ ಇದ್ದರೆ ನಾಲ್ಕರ ಲೆಕ್ಕದಲ್ಲಿ 6:40ಕ್ಕೆ ಮುಚ್ಚಬೇಕು. 6:50ಕ್ಕೆ ಹೊರಟವನು ಏನು ಮಾಡಬೇಕು? ಹಾಗಾಗಿ ಮೊದಲ 60 ಕಿ.ಮೀ.ಗೆ ಗಂಟೆಗೆ 20ರ ವೇಗ ಹಿಡಿದು, ಮೇಲೆ ಒಂದು ಗಂಟೆ ಕೂಡಿಸುತ್ತಾರೆ. ಕಿಲೋಮೀಟರಿಗೆ 3 ನಿಮಿಷ, ಜೊತೆಗೆ 60. ಆ ಕಂಟ್ರೋಲ್ ಆಗ 7:30ರ ತನಕ ಇರುತ್ತದೆ. 60ಕ್ಕೆ ಬರುವಾಗ ಎರಡು ಲೆಕ್ಕವೂ 4 ಗಂಟೆಗೆ ಬಂದು ಕೂಡುತ್ತವೆ. ಎಷ್ಟು ಅಚ್ಚುಕಟ್ಟು ನೋಡಿ.

ಗರಿಷ್ಠ ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಮ್ಮಲ್ಲಿ ಬಹುತೇಕರಿಗೆ ಅದು ಅಡ್ಡ ಬರುವುದಿಲ್ಲ. ಬ್ರೆವೆ ರೇಸ್ ಅಲ್ಲ, ಯಾರು ಮೊದಲು ಬಂದರು ಅಂತ ಇಲ್ಲಿ ಸ್ಥಾನ ಕೊಡುವುದಿಲ್ಲ. ಬೇಗ ಬಂದವರು ಕಂಟ್ರೋಲ್ ತೆರೆಯುವ ತನಕ ಕಾಯಬೇಕು. ಮೊದಲ 200ಕ್ಕೆ ಗಂಟೆಗೆ 34, ಮುಂದಿನ 200ಕ್ಕೆ 32, ಆಮೇಲಿನ 200ಕ್ಕೆ 30. ಇಲ್ಲಿ ಒಂದೇ ಎಚ್ಚರಿಕೆ: ಇದು ಮೆಟ್ಟಿಲು. 400ರ ಕಂಟ್ರೋಲ್ ಯಾವಾಗ ತೆರೆಯುತ್ತದೆ ಅಂತ ನೋಡಲು 400ನ್ನು 32ರಿಂದ ಭಾಗಿಸಿದರೆ 12:30 ಬರುತ್ತದೆ, ಅದು ತಪ್ಪು. ಮೊದಲ 200ಕ್ಕೆ 5:53, ಎರಡನೆಯ 200ಕ್ಕೆ 6:15, ಕೂಡಿದರೆ 12:08.

ಇದೇ ತಪ್ಪನ್ನು 600 ದಾಟಿದ ಮೇಲೆ ಮುಚ್ಚುವ ಸಮಯಕ್ಕೆ ಮಾಡಿದರೆ ಮಾತ್ರ ಅನಾಹುತ. 600ರಿಂದ 1000ದ ತನಕ ಕನಿಷ್ಠ ವೇಗ 11.428. ಈ ವಿಚಿತ್ರ ಸಂಖ್ಯೆ ನೋಡಿ ಜನ ಗಾಬರಿಯಾಗುತ್ತಾರೆ. 1000ಕ್ಕೆ ಕೊಟ್ಟಿರುವುದು 75 ಗಂಟೆ, ಅದರಲ್ಲಿ ಮೊದಲ 600ಕ್ಕೆ 40 ಹೋಯಿತು, ಉಳಿದ 400 ಕಿ.ಮೀ.ಗೆ 35 ಗಂಟೆ. 400ನ್ನು 35ರಿಂದ ಭಾಗಿಸಿ, ಅದೇ 11.428. ನಿಮಿಷದಲ್ಲಿ ಹೇಳಿದರೆ ಕಿಲೋಮೀಟರಿಗೆ ಐದೂಕಾಲು. ಅಷ್ಟು ದೂರ ಬಂದವನಿಗೆ ನಿದ್ದೆ ಬೇಕು, ಅದಕ್ಕೆ ಇದರಲ್ಲಿ ಜಾಗ ಸಿಗುತ್ತದೆ. ಆದರೆ ಐದೂಕಾಲು ನಿಮಿಷ 600ರ ಆಚೆಯ ಕಿಲೋಮೀಟರುಗಳಿಗೆ ಮಾತ್ರ. 700ರ ಕಂಟ್ರೋಲ್ ಮುಚ್ಚುವುದು 40 ಗಂಟೆ, ಮೇಲೆ 8:45, ಒಟ್ಟು 48 ಗಂಟೆ 45 ನಿಮಿಷಕ್ಕೆ. ಪೂರ್ತಿ 700ನ್ನು 11.428ರಿಂದ ಭಾಗಿಸಿ ಸ್ಪ್ರೆಡ್‌ಶೀಟ್ ಮಾಡಿಕೊಂಡರೆ 61 ಗಂಟೆ 15 ನಿಮಿಷ ತೋರಿಸುತ್ತದೆ. ಹನ್ನೆರಡೂವರೆ ಗಂಟೆ ವ್ಯತ್ಯಾಸ! ಹಾಗೆ ಮಾಡಿಕೊಂಡವನು ರಾತ್ರಿ ಲಾಡ್ಜ್‌ನಲ್ಲಿ ನೆಮ್ಮದಿಯಾಗಿ ಮಲಗಿರುವಾಗಲೇ ಅವನ ಬ್ರೆವೆ ಮುಗಿದಿರುತ್ತದೆ. ನಿಮ್ಮ ಲೆಕ್ಕ ಸರಿಯಿದೆಯಾ ಅಂತ ನೋಡಲು 600ರ ಸಾಲು ಮೊದಲು ನೋಡಿ. ಅಲ್ಲಿ ಸರಿಯಾಗಿ 40 ಗಂಟೆ ಬರಬೇಕು, 601ಕ್ಕೆ ಅದರ ಮೇಲೆ ಐದು ನಿಮಿಷ ಚಿಲ್ಲರೆ. ಒಮ್ಮೆಲೇ ಗಂಟೆಗಟ್ಟಲೆ ಜಿಗಿದರೆ ಸೂತ್ರ ತಪ್ಪಿದೆ.

ನಡುವಿನ ಕಂಟ್ರೋಲ್‌ಗೆ ತಡವಾದರೆ ಎಲ್ಲ ಮುಗಿಯಿತಾ? ಅಪಘಾತ ಆದವರಿಗೆ ಸಹಾಯ ಮಾಡಲು ನಿಂತಿದ್ದು, ರಸ್ತೆ ಬಂದ್ ಆಗಿದ್ದು, ಇಂಥ ಕಾರಣವಿದ್ದರೆ ಆಯೋಜಕರು ಮುಂದೆ ಹೋಗಲು ಬಿಡಬಹುದು. ಸುಸ್ತು, ಹಸಿವು, ಸೈಕಲ್ ಸರಿಯಿರಲಿಲ್ಲ ಅನ್ನುವುದು ಕಾರಣವಾಗುವುದಿಲ್ಲ. ಇದು ಸರಿ ಅಂತಲೇ ನನ್ನ ಅನಿಸಿಕೆ. ಇನ್ನು ಎಟಿಎಂ ಚೀಟಿ, ಹೋಟೆಲ್ ಬಿಲ್ ಪುರಾವೆ ಆಗಿರುವ ಕಡೆ ಊಟಕ್ಕೆ ಮುಂಚೆಯೇ ಬಿಲ್ ತೆಗೆದುಕೊಳ್ಳಿ. ಕಾಗದದ ಮೇಲೆ ಇರುವ ಸಮಯವೇ ನೀವು ಬಂದ ಸಮಯ.

ಆಯೋಜಕರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಶ್ರಮದ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ. ಕಾರ್ಡಿನಲ್ಲಿ ಕೊನೆಯ ಕಂಟ್ರೋಲ್ ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು ಅಚ್ಚು ಹಾಕಿಸಿ: "ಇಲ್ಲಿಂದ 25 ಕಿ.ಮೀ., ಮುಗಿತಾಯ 7:30ಕ್ಕೆ ಮುಚ್ಚುತ್ತದೆ." ಹೊರಡುವ ಮುಂಚೆ ದೀಪ, ರಿಫ್ಲೆಕ್ಟಿವ್ ಜಾಕೆಟ್ ಪರೀಕ್ಷೆ ಮಾಡುವಾಗ ಅದನ್ನೇ ಒಂದು ಸಲ ಬಾಯಲ್ಲೂ ಹೇಳಿ. ದಾರಿ ಗುರುತು ಮಾಡುವಾಗ ಕೊನೆಯ ಕಂಟ್ರೋಲ್ ಎಲ್ಲಿ ಬೀಳುತ್ತದೆ, ಅಲ್ಲಿಂದ ಮುಗಿತಾಯಕ್ಕೆ ಎಷ್ಟು ವೇಗ ಬೇಕಾಗುತ್ತದೆ ಅಂತ ನೋಡಿ. 20 ದಾಟುತ್ತಿದ್ದರೆ ಆ ಕಂಟ್ರೋಲನ್ನು ಹಿಂದಕ್ಕೆ ಸರಿಸಿ, ಇಲ್ಲವೇ ದಾರಿಯಲ್ಲಿ ನಾಲ್ಕು ಕಿ.ಮೀ. ಕಡಿಮೆ ಮಾಡಿ. ನಾಲ್ಕು ಕಿ.ಮೀ. ಅಂದರೆ 16 ನಿಮಿಷ.