ಯಾವುದೂ ಲೇಟಾಗಿಲ್ಲ, ತಾರೀಖೇ ಸ್ವಲ್ಪ ಮುಂದಕ್ಕೆ ಹೋಗಿದೆ

ಕ್ಲೈಂಟ್‌ಗೆ ಹೋಗೋ ಸ್ಟೇಟಸ್ ಮೇಲ್‌ನ ಒಂದ್ಸಲ ಓದಿ ನೋಡಿ, ಅದರಲ್ಲಿ ಯಾವ ಕೆಲಸಾನೂ ಲೇಟಾಗಿರೋದೇ ಇಲ್ಲ. ಟ್ರ್ಯಾಕ್‌ನಲ್ಲಿರತ್ತೆ, ಬಹುತೇಕ ಮುಗಿದಿರತ್ತೆ, ಅಂತಿಮ ಹಂತಕ್ಕೆ ಬಂದಿರತ್ತೆ, ಆ ಅಂತಿಮ ಹಂತ ಅನ್ನೋದು ಶುರುವಾಗಿ ಮೂರು ತಿಂಗಳಾಗಿದ್ರೂ ಪರವಾಗಿಲ್ಲ, ಹಂತ ಹಂತವೇ. ಒಪ್ಪಂದಕ್ಕೆ ಸಹಿ ಹಾಕೋವಾಗ ಕಾಮಾ ಎಲ್ಲಿರಬೇಕು ಅಂತ ಎರಡೂ ಕಡೆಯ ವಕೀಲರು ಕಿತ್ತಾಡಿರ್ತಾರೆ, ಆಮೇಲೆ ಆ ಒಪ್ಪಂದನ ತೆಗೆದು ಓದೋರು ಯಾರೂ ಇರಲ್ಲ.

ಜೂನ್ 13, ಶುಕ್ರವಾರ ಸಂಜೆ ಹೋದ ಒಂದು ಮೇಲ್ ಇದು. ಕಂಪನಿ ಹೆಸರು ಬೇಡ, ಹೇಳಿದ್ರೆ ನಿಮ್ಮದೇ ಆಫೀಸು ಅಂತ ಹತ್ತು ಜನ ಕೈ ಎತ್ತುತ್ತೀರಿ. "ಒಟ್ಟು 9 ಡೆಲಿವರಬಲ್‌ಗಳು. 6 ಕಂಪ್ಲೀಟ್, 3 ಇನ್ ಪ್ರೋಗ್ರೆಸ್. ಡಿಲೇ: ಇಲ್ಲ. ಒಟ್ಟಾರೆ ಸ್ಟೇಟಸ್: ಗ್ರೀನ್." ಕೆಳಗೆ ಹಸಿರು ಬಣ್ಣದ ಒಂದು ಗುಂಡು, ಅದರ ಕೆಳಗೆ ಸಿಗ್ನೇಚರ್, ಅದರ ಕೆಳಗೆ ಕಾಗದ ಉಳಿಸಿ ಅಂತ ಒಂದು ಉಪದೇಶ.

ಈ ಮೇಲ್ ಹುಟ್ಟಿದಾಗ ಹೀಗಿರಲಿಲ್ಲ. ಟೀಮಿಗೆ ಹೊಸದಾಗಿ ಸೇರಿದ ಹುಡುಗಿಗೆ ಮ್ಯಾನೇಜರ್ "ಪ್ರಾಜೆಕ್ಟ್ ಡಾಕ್ಯುಮೆಂಟ್ಸ್ ನೋಡ್ಕೊಂಡು ಒಂದು ಸ್ಟೇಟಸ್ ರೆಡಿ ಮಾಡಮ್ಮಾ" ಅಂದಿದ್ರು. ಅವರ ಪ್ರಕಾರ ಅದರ ಅರ್ಥ ಹೋದ ವಾರದ ಮೇಲ್ ತೆಗೆದು ತಾರೀಖು ಬದಲಾಯಿಸು ಅಂತ. ಪಾಪ ಆ ಹುಡುಗಿ ನಿಜವಾಗ್ಲೂ ಡಾಕ್ಯುಮೆಂಟ್ಸ್ ನೋಡಿಬಿಟ್ಲು. ಕ್ಲೈಂಟ್‌ಗೆ ಕೊಡಬೇಕಾದ್ದರ ಪಟ್ಟಿ ಇರೋ ಒಪ್ಪಂದದ ಅನೆಕ್ಸರ್ ತೆಗೆದು ಒಂಬತ್ತೂ ಐಟಂನ ಹೆಸರು, ಡ್ಯೂ ಡೇಟ್ ಬರ್ಕೊಂಡ್ಲು, ಪ್ರತಿಯೊಂದಕ್ಕೂ ನಾವು ಯಾವತ್ತು ಕಳಿಸಿದ್ವಿ ಅನ್ನೋ ಮೇಲ್ ಹುಡುಕಿದ್ಲು, ಕ್ಲೈಂಟ್‌ನವರು ಕಾಮೆಂಟ್ ವಾಪಸ್ ಕಳಿಸಿದ್ರಾ, ಕೊನೆಗೆ ಸ್ವೀಕರಿಸಿದೀವಿ ಅಂತ ಸಹಿ ಮಾಡಿದ ಪತ್ರ ಇದೆಯಾ ಅಂತ ಎದುರಿಗೆ ಟಿಕ್ ಹಾಕ್ತಾ ಹೋದ್ಲು. ಟ್ರ್ಯಾಕರ್ ಶೀಟ್‌ನ ಕೊನೇಲಿ ತೆಗೆದ್ಲಂತೆ, ಅದೂ ಬರೀ ಹೋಲಿಸಿ ನೋಡೋಕೆ. ಟ್ರ್ಯಾಕರ್ ಅನ್ನೋದು ನಾವೇ ತುಂಬಿದ ಶೀಟು, ನಮ್ಮ ಬಗ್ಗೆ ನಾವೇ ಕೊಟ್ಕೊಂಡಿರೋ ಸರ್ಟಿಫಿಕೇಟು, ಅದನ್ನ ಸಾಕ್ಷಿ ಅಂತ ಯಾರು ತಗೋತಾರೆ.

ಹಾಗೆ ನೋಡಿದಾಗ ಆ ಆರು ಕಂಪ್ಲೀಟ್‌ನಲ್ಲಿ ಸಹಿ ಬಿದ್ದಿದ್ದು ಎರಡಕ್ಕೆ ಮಾತ್ರ, ಪ್ರಾಜೆಕ್ಟ್ ಪ್ಲಾನ್ ಮತ್ತೆ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್.

ಟೆಸ್ಟ್ ಪ್ಲಾನ್ ಕಳಿಸಿದ್ದು ಜೂನ್ 2, ಸೋಮವಾರ. ಒಪ್ಪಂದದಲ್ಲಿ ಕ್ಲೈಂಟ್‌ಗೆ ನೋಡೋಕೆ 10 ವರ್ಕಿಂಗ್ ಡೇಸ್ ಇದೆ, ಅಷ್ಟರೊಳಗೆ ಏನೂ ಹೇಳದಿದ್ರೆ ಒಪ್ಪಿದಂಗೆ ಅನ್ನೋ ಷರತ್ತೂ ಇದೆ (ಎಲ್ಲಾ ಒಪ್ಪಂದದಲ್ಲೂ ಇರಲ್ಲ, ಇದರಲ್ಲಿತ್ತು). ಮಾರನೇ ದಿನದಿಂದ ಎಣಿಸಿದ್ರೆ 13ನೇ ತಾರೀಖಿಗೆ ಒಂಬತ್ತು ದಿನ ಆಗಿದೆ, ಸೋಮವಾರ 16ನೇ ತಾರೀಖು ಮುಗಿದ ಮೇಲೆ ಧಾರಾಳವಾಗಿ ಕಂಪ್ಲೀಟ್ ಅಂತ ಬರೀಬಹುದಿತ್ತು. ಒಂದು ವರ್ಕಿಂಗ್ ಡೇ ಕಾಯೋ ತಾಳ್ಮೆ ಇಲ್ಲ ನಮಗೆ. ಅದೂ ಆ ಎಣಿಕೆ ಶುರುವಾಗಬೇಕಾದ್ರೆ ಒಪ್ಪಂದದಲ್ಲಿ ಹೇಳಿದ ವಿಳಾಸಕ್ಕೆ, ಹೇಳಿದ ರೀತಿಲೇ ಕಳಿಸಿರಬೇಕು, ಚಾಟ್‌ನಲ್ಲಿ ಲಿಂಕ್ ಹಾಕಿ ತಂಬ್ಸಪ್ ತಗೊಂಡಿದ್ದಕ್ಕೆ ಗಡಿಯಾರ ಓಡಲ್ಲ. ಈ ಸಲ ಪುಣ್ಯಕ್ಕೆ ಸರಿಯಾಗೇ ಕಳಿಸಿದ್ರು.

ಡಿಸೈನ್ ಡಾಕ್ಯುಮೆಂಟು, ಡೇಟಾ ಮೈಗ್ರೇಶನ್ ಪ್ಲಾನು, ಇವೆರಡನ್ನೂ ಕ್ಲೈಂಟ್ ಕಾಮೆಂಟ್ ಹಾಕಿ ವಾಪಸ್ ಕಳಿಸಿದಾರೆ. ಮ್ಯಾನೇಜರ್ ವಾದ ಏನಪ್ಪಾ ಅಂದ್ರೆ ನಾವು ಕೊಟ್ಟಾಯ್ತಲ್ಲ, ಕಾಮೆಂಟ್ ಅವರದು, ನಮ್ಮ ಕಡೆಯಿಂದ ಕಂಪ್ಲೀಟು. ಮೈಗ್ರೇಶನ್ ಪ್ಲಾನ್‌ಗೆ ಬಂದಿರೋ ಮೊದಲನೇ ಕಾಮೆಂಟ್ ಏನು ಗೊತ್ತಾ, ಹಳೇ ಸಿಸ್ಟಂನಿಂದ ಡೇಟಾ ಹೇಗೆ ತರ್ತೀರಿ ಅನ್ನೋದು ಎಲ್ಲೂ ಬರೆದಿಲ್ಲ ಅಂತ. ಫೈಲ್ ಹೆಸರು `Migration_Plan_v0.3_DRAFT_FINAL.docx`, ಅಂದ್ರೆ ಅದೂ ನಾನು ಡ್ರಾಫ್ಟಾ ಫೈನಲ್ಲಾ ಅಂತ ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಇಲ್ಲಿ ಒಪ್ಪಂದ ಓದ್ಲೇಬೇಕು ನೋಡಿ, ಕೆಲವು ಕಡೆ ಡ್ಯೂ ಡೇಟ್ ಅಂದ್ರೆ ಸಲ್ಲಿಸೋ ತಾರೀಖು, ಕೆಲವು ಕಡೆ ಅವರು ಒಪ್ಪೋ ತಾರೀಖು. ಈ ಒಪ್ಪಂದದಲ್ಲಿ ಸಲ್ಲಿಸೋ ತಾರೀಖು, ಆದ್ದರಿಂದ ಇವೆರಡೂ ಲೇಟ್ ಅಲ್ಲ, ಆದರೆ ಮುಗಿದೂ ಇಲ್ಲ. ಹುಡುಗಿ ಅದನ್ನೇ ಬರೆದಿದ್ಲು: "ಸಮಯಕ್ಕೆ ಸಲ್ಲಿಸಲಾಗಿದೆ, ಕಾಮೆಂಟ್‌ಗಳೊಂದಿಗೆ ವಾಪಸ್ ಬಂದಿದೆ, ತಿದ್ದಿದ ಪ್ರತಿ ಬಾಕಿ." ಮೂರು ತುಂಡು, ಮೂರೂ ನಿಜ, ಮೇಲಿನವರಿಗೆ ಮೂರೂ ಬೇಡ.

ಲೆಕ್ಕ ಹಾಕಿದ್ರೆ ಇಲ್ಲಿಗೆ ಐದಾಯ್ತು. ಆರನೇದು ಯಾವುದು? ವೀಕ್ಲಿ ಡ್ಯಾಶ್‌ಬೋರ್ಡ್. ಅನೆಕ್ಸರ್‌ನ ಮೇಲಿಂದ ಕೆಳಗೆ ಹುಡುಕಿದ್ರೂ ವೀಕ್ಲಿ ಡ್ಯಾಶ್‌ಬೋರ್ಡ್ ಅನ್ನೋ ಐಟಮ್ಮೇ ಇಲ್ಲ, ಯಾರೂ ಕೇಳಿರಲೂ ಇಲ್ಲ, ಆದರೆ ಚೆನ್ನಾಗಿ ಆಗಿದೆ, ಬಣ್ಣ ಬಣ್ಣವಾಗಿದೆ, ಹಾಗಾಗಿ ಲಿಸ್ಟಿಗೆ ಸೇರಿಸಿದಾರೆ. ಹಂಗಾದ್ರೆ ಒಟ್ಟು ಹತ್ತಾಗಬೇಕಿತ್ತಲ್ಲ, ಒಂಬತ್ತೇ ಹೇಗಿದೆ ಅಂತ ಕೇಳ್ತೀರಿ. ಅನೆಕ್ಸರ್‌ನಲ್ಲಿದ್ದ ಎಕ್ಸಿಟ್ ಪ್ಲಾನ್ ಮೇಲ್‌ನಲ್ಲಿಲ್ಲ. ಅದು ಮೇ 15ಕ್ಕೆ ಕೊಡಬೇಕಿತ್ತು, ಯಾರೂ ಶುರುನೇ ಮಾಡಿರಲಿಲ್ಲ, ಟ್ರ್ಯಾಕರ್‌ನಲ್ಲಿ ಆ ಸಾಲನ್ನ ಹೈಡ್ ಮಾಡಿದ್ರು. ಬಾಯಿಗೆ ಬಂದ ಸುಳ್ಳು ಹೇಳೋರನ್ನ ಹಿಡೀಬಹುದು ಸ್ವಾಮಿ, ಸಾಲನ್ನ ಹೈಡ್ ಮಾಡೋರನ್ನ ಹಿಡಿಯೋಕೆ ಅನೆಕ್ಸರ್‌ನ ಪಕ್ಕದಲ್ಲಿಟ್ಕೊಂಡು ಒಂದೊಂದೇ ಹೆಸರು ಹೊಂದಿಸ್ಬೇಕು. ಒಟ್ಟು ಸಂಖ್ಯೆ ಸರಿ ಇದ್ರೆ ಲಿಸ್ಟೂ ಸರಿ ಅಂತ ನಂಬೋರಿಗಾಗೇ ಮಾಡಿರೋ ಕೈಚಳಕ ಇದು.

ಇನ್ನು ಇನ್ ಪ್ರೋಗ್ರೆಸ್‌ನಲ್ಲಿರೋ ಮೂರು. ಫೈನಲ್ ಹ್ಯಾಂಡೋವರ್ ಆಗಸ್ಟ್‌ನಲ್ಲಿದೆ, ಅದರ ತಂಟೆ ಬೇಡ. ಟ್ರೇನಿಂಗ್ ಮ್ಯಾನ್ಯುಯಲ್ ಕಥೆ ಮಾತ್ರ ಕೇಳ್ಲೇಬೇಕು. ಒಪ್ಪಂದದ ತಾರೀಖು ಏಪ್ರಿಲ್ 30. ಮೇ 8ರ ಮೀಟಿಂಗ್ ಮಿನಿಟ್ಸ್‌ನಲ್ಲಿ "ಮೇ 31ರೊಳಗೆ ಕೊಡಲು ಪ್ರಯತ್ನಿಸಲಾಗುವುದು" ಅಂತ ಒಂದು ಸಾಲಿದೆ, ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ, ಯಾರು ಪ್ರಯತ್ನ ಪಡ್ತಾರೆ ಯಾರು ಒಪ್ಪಿದ್ರು ಏನೂ ಇಲ್ಲ. ಮಾರನೇ ದಿನ ಟ್ರ್ಯಾಕರ್‌ನ ಡ್ಯೂ ಡೇಟ್ ಕಾಲಂನಲ್ಲಿ ಏಪ್ರಿಲ್ 30 ಅಳಿಸಿ ಮೇ 31 ಕೂತಿತ್ತು, ಜೂನ್ 2ಕ್ಕೆ ಅದೂ ಅಳಿಸಿ ಜೂನ್ 20 ಬಂತು. ಈಗ ಜೂನ್ 13ಕ್ಕೆ ನೋಡಿದ್ರೆ ಡ್ಯೂ ಡೇಟ್‌ಗೆ ಇನ್ನೂ ಒಂದು ವಾರ ಇದೆ, ಗ್ರೀನ್! ಪರೀಕ್ಷೆಯಲ್ಲಿ ಫೇಲಾದ ಮೇಲೆ ಪಾಸ್ ಮಾರ್ಕ್ಸ್‌ನ ಕೆಳಗಿಳಿಸಿದಂಗೆ. ಆದರೆ ಈ ಒಪ್ಪಂದದಲ್ಲಿ ತಾರೀಖು ಬದಲಾಗೋದು ಎರಡೂ ಕಡೆ ಅಧಿಕಾರ ಇರೋರು ಸಹಿ ಹಾಕಿದ ಚೇಂಜ್ ರಿಕ್ವೆಸ್ಟ್‌ನಿಂದ, ಮಿನಿಟ್ಸ್‌ನಿಂದಲ್ಲ, ಟ್ರ್ಯಾಕರ್‌ನಿಂದಂತೂ ಅಲ್ಲವೇ ಅಲ್ಲ. ಶೀಟ್‌ನ ವರ್ಶನ್ ಹಿಸ್ಟರಿ ತೆಗೆದ್ರೆ ಯಾರು ಯಾವಾಗ ಅಳಿಸಿದ್ರು ಅಂತ ಸಮಯದ ಸಮೇತ ಕೂತಿದೆ. ಲೆಕ್ಕ ಹಾಕಿದ್ರೆ 44 ದಿನ ಲೇಟು, ವಾರಕ್ಕಿಷ್ಟು ಅಂತ ಬಿಲ್‌ನಲ್ಲಿ ಕಡಿತ ಮಾಡೋ ಷರತ್ತು ಇದ್ದಿದ್ರಿಂದ ಆ 44 ಅನ್ನೋದು ಬರೀ ಮರ್ಯಾದೆ ಪ್ರಶ್ನೆಯಲ್ಲ.

ಮೂರನೇದು ಯುಎಟಿ ರಿಪೋರ್ಟು, ಅಂದ್ರೆ ಬಳಸೋರೇ ಸಿಸ್ಟಂನ ಟೆಸ್ಟ್ ಮಾಡಿ ನೋಡಿದ್ದರ ವರದಿ, ಮೇ 30ಕ್ಕೆ ಡ್ಯೂ. ಇಲ್ಲಿ ನ್ಯಾಯವಾಗಿ ತಪ್ಪು ಕ್ಲೈಂಟ್‌ದು. ಏಪ್ರಿಲ್ 25ಕ್ಕೆ ಕೊಡಬೇಕಿದ್ದ ಟೆಸ್ಟ್ ಡೇಟಾನ ಮೇ 20ಕ್ಕೆ ಕೊಟ್ರು, 25 ದಿನ ಅವರೇ ನುಂಗಿದ್ದು. ಇದನ್ನಾದ್ರೂ ಎದೆ ತಟ್ಕೊಂಡು ಬರೀಬಹುದಿತ್ತಲ್ಲ? ಆಗ್ಲಿಲ್ಲ, ಯಾಕಂದ್ರೆ ಅಂಥ ತಡ ಆದ್ರೆ 5 ವರ್ಕಿಂಗ್ ಡೇಸ್ ಒಳಗೆ ಲಿಖಿತವಾಗಿ ತಿಳಿಸಿ ಟೈಮ್ ಎಕ್ಸ್‌ಟೆನ್ಶನ್ ಕೇಳಬೇಕು ಅಂತ ಒಪ್ಪಂದ ಹೇಳತ್ತೆ, ನಮ್ಮೋರು ಫೋನ್‌ನಲ್ಲಿ "ಸರ್ ಡೇಟಾ ಸ್ವಲ್ಪ ಬೇಗ ಕೊಡಿ ಸರ್" ಅಂತ ಕೇಳಿ ಸಂಬಂಧ ಕಾಪಾಡ್ಕೊಂಡಿದ್ರು. ಹುಡುಗಿ ಡ್ರಾಫ್ಟ್‌ನಲ್ಲಿ "ಲೇಟ್, ಟೆಸ್ಟ್ ಡೇಟಾ 25 ದಿನ ತಡವಾಗಿ ಬಂದಿದೆ, ನಾವು ನೋಟಿಸ್ ಕಳಿಸಿಲ್ಲ" ಅಂತ ಬರೆದಿದ್ಲು. ಕೊನೆಯ ತುಂಡನ್ನ ಮ್ಯಾನೇಜರ್ ತೆಗೆದಿದ್ದು ಸರಿ, ಅದು ಕ್ಲೈಂಟ್‌ಗೆ ಹೋಗೋ ಮೇಲ್‌ನಲ್ಲಿರೋ ಮಾತಲ್ಲ, ಒಳಗೆ ಕೂತು ತಲೆ ಚಚ್ಕೊಳ್ಳೋ ಮಾತು. ಆದರೆ ಅವರು ಮೊದಲನೆ ಎರಡು ತುಂಡನ್ನೂ ತೆಗೆದ್ರು.

ಹೀಗಾಗಿ ಆ ಹುಡುಗಿಯ ಡ್ರಾಫ್ಟ್ ಹೇಳ್ತಿದ್ದಿದ್ದು: ಒಪ್ಪಿಗೆ ಆಗಿರೋದು 2, ಅವರ ಪರಿಶೀಲನೆಯಲ್ಲಿ 1, ಕಾಮೆಂಟ್ ಬಂದು ನಮ್ಮ ಹತ್ರ ಬಾಕಿ 2, ಲೇಟ್ 3, ಇನ್ನೂ ಟೈಮ್ ಇರೋದು 1. ಇದು ಮ್ಯಾನೇಜರ್ ಹತ್ರ ಹೋದಾಗ ಲೇಟ್ ಅನ್ನೋದು "ರೀಪ್ಲಾನ್ಡ್" ಆಯ್ತು. ಅಕೌಂಟ್ ಮ್ಯಾನೇಜರ್ ಹತ್ರ ಹೋದಾಗ "ರೀಪ್ಲಾನ್ಡ್ ಅಂದ್ರೆ ಏನೋ ತಪ್ಪಾಗಿದೆ ಅನ್ಸತ್ತೆ" ಅಂತ ಇನ್ ಪ್ರೋಗ್ರೆಸ್ ಆಯ್ತು. ಅವರ ಮೇಲಿನವರು ಟೇಬಲ್ಲೇ ಬೇಡ ಕಣ್ರೀ, ಕ್ಲೈಂಟ್‌ಗೆ ಡೀಟೇಲ್ ಕೊಟ್ರೆ ಪ್ರಶ್ನೆ ಕೇಳ್ತಾರೆ ಅಂದ್ರು. ತಿಪ್ಪೆ ಸಾರಿಸೋಕೂ ಮೂರು ಲೆವೆಲ್ ಅಪ್ರೂವಲ್ ಬೇಕು ನೋಡಿ, ಟ್ರೇನಿಂಗ್ ಮ್ಯಾನ್ಯುಯಲ್‌ಗೆ ಇಷ್ಟು ಜನ ಕೂತಿದ್ದಿದ್ರೆ ಮೇ ತಿಂಗಳಲ್ಲೇ ಮುಗೀತಿತ್ತು.

ಕ್ಲೈಂಟ್ ಕಡೆಯಿಂದ ಹನ್ನೊಂದು ನಿಮಿಷಕ್ಕೆ "ನೋಟೆಡ್, ಥ್ಯಾಂಕ್ಸ್" ಬಂತು. ಎಲ್ಲರೂ ಖುಷಿಯಾಗಿ ಮನೆಗೆ ಹೋದ್ರು. ಆಮೇಲೆ ತಿಂಗಳ ಕೊನೇಲಿ ಆರು ಡೆಲಿವರಬಲ್‌ಗೆ ಇನ್ವಾಯ್ಸ್ ಹೋಯ್ತು, ಅವರ ಫೈನಾನ್ಸ್‌ನವರು ಮೇಲ್‌ನ ಗ್ರೀನ್ ಗುಂಡು ನೋಡಲಿಲ್ಲ, ಪ್ರತಿಯೊಂದಕ್ಕೂ ಸಹಿ ಮಾಡಿದ ಸ್ವೀಕೃತಿ ಪತ್ರ ಎಲ್ಲಿ ಅಂತ ಕೇಳಿದ್ರು. ಎರಡಿತ್ತು. ಟೆಸ್ಟ್ ಪ್ಲಾನ್‌ಗೆ 10 ದಿನದ ಷರತ್ತು ತೋರಿಸಿ ಗುದ್ದಾಡಿ ಮೂರು ಮಾಡ್ಕೊಂಡ್ರು. ಉಳಿದ ಮೂರರ ದುಡ್ಡು ನಿಂತಿತು.

ಆಗ ಕ್ಲೈಂಟ್ ಕಡೆಯ ಪ್ರಾಜೆಕ್ಟ್ ಮ್ಯಾನೇಜರ್ ಫೋನ್ ಮಾಡಿದ್ರು, ಬೈಯ್ಯೋಕೆ ಅಂದ್ಕೊಂಡ್ರೆ ಮನುಷ್ಯ ಗಾಬರಿಲಿದಾರೆ. ಅವರಿಗೆ ಮೊದಲಿಂದಾನೂ ಗೊತ್ತಿತ್ತಂತೆ, ಆದರೆ ಟೆಸ್ಟ್ ಡೇಟಾ ಲೇಟ್ ಮಾಡಿದ್ದು ಅವರೇ ಆದ್ದರಿಂದ ನಮ್ಮ ಮೇಲ್‌ನ ಹಾಗೇ ತಮ್ಮ ಮೇಲಿನವರಿಗೆ ಫಾರ್ವರ್ಡ್ ಮಾಡಿ, "ವೆಂಡರ್ ಕನ್ಫರ್ಮ್ ಮಾಡಿದಾರೆ, 6 ಕಂಪ್ಲೀಟ್, ಡಿಲೇ ಇಲ್ಲ" ಅಂತ ಪ್ರೆಸೆಂಟೇಶನ್ ಕೊಟ್ಟುಬಿಟ್ಟಿದಾರೆ. ಈಗ ಆರು ಅನ್ನೋದನ್ನ ಹೆಂಗಾದ್ರೂ ಉಳಿಸಿಕೊಳ್ಳಬೇಕು.

"ಒಂದ್ ಕೆಲಸ ಮಾಡಿ ಸರ್," ಅಂದ್ರಂತೆ, "ಆ ವೀಕ್ಲಿ ಡ್ಯಾಶ್‌ಬೋರ್ಡ್‌ನ ಅನೆಕ್ಸರ್‌ಗೆ ಸೇರಿಸೋಕೆ ಒಂದು ಚೇಂಜ್ ರಿಕ್ವೆಸ್ಟ್ ಕಳಿಸಿ, ನಾನು ಸಹಿ ಮಾಡಿಸ್ತೀನಿ. ಡ್ಯೂ ಡೇಟ್ ಮಾತ್ರ ಜುಲೈ ಅಂತ ಹಾಕಿ, ಒಂದಾದ್ರೂ ಟೈಮಿಗೆ ಮುಂಚೆ ಕೊಟ್ಟಂಗೆ ಇರ್ಲಿ."